ಹಗಲು ಪಾಳಿಯವರು ಫೋನ್ ಮಾಡದಂತೆ ಬರೆಯುವುದು: ಕಂಟ್ರೋಲ್ ರೂಮ್ ಲಾಗ್ ಪುಸ್ತಕದ ಬಗ್ಗೆ

(ಉಷ್ಣ ವಿದ್ಯುತ್ ಸ್ಥಾವರಕ್ಕೆ ಹೊಸದಾಗಿ ಸೇರಿದ ಡೆಸ್ಕ್ ಎಂಜಿನಿಯರುಗಳು ಮತ್ತು ಆಪರೇಟರುಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ.)

ಕಂಟ್ರೋಲ್ ರೂಮಿಗೆ ಬಂದ ಮೊದಲ ವಾರವೇ ನಿಮ್ಮ ಕೈಗೆ ಎರಡು ಬಗೆಯ ಬರವಣಿಗೆ ಬರುತ್ತದೆ. ಒಂದು ಲಾಗ್ ಶೀಟ್. ಗಂಟೆಗೊಮ್ಮೆ ಒತ್ತಡ ಎಷ್ಟು, ತಾಪ ಎಷ್ಟು, ಲೋಡ್ ಎಷ್ಟು ಎಂದು ಅಂಕಿ ತುಂಬುವುದು. ಇದನ್ನು ಈಗ ಹೆಚ್ಚು ಕಡೆ ಸ್ಥಾವರದ ನಿಯಂತ್ರಣ ಕಂಪ್ಯೂಟರ್ ವ್ಯವಸ್ಥೆಯಾದ ಡಿಸಿಎಸ್ ತಾನೇ ನೋಡಿಕೊಳ್ಳುತ್ತದೆ. ಇನ್ನೊಂದು ಲಾಗ್ ಪುಸ್ತಕ. ಇದನ್ನು ಮಾತ್ರ ಮನುಷ್ಯರೇ ಬರೆಯಬೇಕು. ಕಾಗದದ್ದಾಗಲಿ, ಕಂಪ್ಯೂಟರಿನದ್ದಾಗಲಿ, ನಾನು ಇವತ್ತು ಮಾತಾಡುವುದು ಈ ಪುಸ್ತಕದ ಬಗ್ಗೆ.

ಲಾಗ್ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನನ್ನ ಹತ್ತಿರ ಇರುವುದು ಒಂದೇ ಪರೀಕ್ಷೆ. ರಾತ್ರಿ ಪಾಳಿಯವನು ಬೆಳಗ್ಗೆ 6ಕ್ಕೆ ಮನೆಗೆ ಹೋಗಿ ಮಲಗಿದ್ದಾನೆ. 9 ಗಂಟೆಗೆ ಯೂನಿಟ್‌ನಲ್ಲಿ ಏನೋ ಆಯಿತು. ಡೆಸ್ಕ್‌ನಲ್ಲಿರುವವನು ಪುಸ್ತಕ ನೋಡಿ ಕೈ ಹಾಕುತ್ತಾನಾ, ಇಲ್ಲ ಅವನನ್ನು ಎಬ್ಬಿಸುತ್ತಾನಾ? ಎಬ್ಬಿಸಿದರೆ ಲಾಗ್ ಸರಿಯಿಲ್ಲ. ಅಕ್ಷರ ಎಷ್ಟೇ ದುಂಡಗಿದ್ದರೂ ಅಷ್ಟೇ.

ಒಂದು ಉದಾಹರಣೆ ಕಟ್ಟಿಕೊಂಡು ಮುಂದೆ ಹೋಗೋಣ. 210 ಮೆಗಾವ್ಯಾಟ್‌ನ ಕಲ್ಲಿದ್ದಲು ಯೂನಿಟ್. ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಏಳು ಯೂನಿಟ್‌ಗಳು ಈ ಅಳತೆಯವು, ಹಾಗಾಗಿ ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರುತ್ತದೆ. ಈ ಅಳತೆಯ ಯೂನಿಟ್‌ನಲ್ಲಿ ಸಾಮಾನ್ಯವಾಗಿ ಮೂರು ಬಾಯ್ಲರ್ ಫೀಡ್ ಪಂಪ್ ಇರುತ್ತವೆ, ಅಂದರೆ ಬಿಎಫ್‌ಪಿ. ಪೂರ್ತಿ ಲೋಡಿಗೆ ಎರಡು ಓಡಬೇಕು, ಮೂರನೆಯದು ಸ್ಟ್ಯಾಂಡ್‌ಬೈ. ಓಡುತ್ತಿರುವುದರಲ್ಲಿ ಒಂದು ನಿಂತು, ಸ್ಟ್ಯಾಂಡ್‌ಬೈ ತಕ್ಷಣ ಎತ್ತಿಕೊಳ್ಳದಿದ್ದರೆ ಡ್ರಮ್ ಲೆವೆಲ್, ಅಂದರೆ ಬಾಯ್ಲರ್ ಡ್ರಮ್‌ನ ನೀರಿನ ಮಟ್ಟ, ಬೀಳಲು ಶುರು. ಆಗ ನಿಮಗೆ ಯೋಚಿಸಲು ಸಮಯ ಇರುವುದಿಲ್ಲ. ಲೋಡನ್ನು ಸರಸರನೆ ಅರ್ಧಕ್ಕೆ ಇಳಿಸಬೇಕು, ಇಲ್ಲ ಬಾಯ್ಲರ್ ಟ್ರಿಪ್ ನೋಡಬೇಕು.

ಈಗ ರಾತ್ರಿ ಪಾಳಿಯ ಲಾಗ್. ಇಂಥ ಸಾಲನ್ನು ನೀವು ಎಲ್ಲ ಪುಸ್ತಕದಲ್ಲೂ ನೋಡುತ್ತೀರಿ:

"03:10. ಬಿಎಫ್‌ಪಿ-ಬಿ ಬೇರಿಂಗ್ ತಾಪ ಜಾಸ್ತಿ. ಮೆಕ್ಯಾನಿಕಲ್‌ನವರಿಗೆ ತಿಳಿಸಿದೆ. ಗಮನಿಸುತ್ತಿರಬೇಕು."

ಇದರಲ್ಲಿ ಸುಳ್ಳೇನೂ ಇಲ್ಲ. ಬರೆದವನಿಗೆ ಬರೆಯುವ ಹೊತ್ತಿನಲ್ಲಿ ಎಲ್ಲವೂ ಗೊತ್ತಿತ್ತು, ಹಾಗಾಗಿ ಅವನಿಗೆ ಇದು ಪೂರ್ತಿ ವಾಕ್ಯವಾಗಿಯೇ ಕಂಡಿದೆ. ಓದುವವನ ಕಡೆಯಿಂದ ನೋಡಿ. ಯಾವ ಬೇರಿಂಗ್? ಮೋಟರಿಗೆ ಎರಡು, ಪಂಪಿಗೆ ಎರಡು, ಜೊತೆಗೆ ಥ್ರಸ್ಟ್ ಬೇರಿಂಗ್ ಇದೆ. ಜಾಸ್ತಿ ಅಂದರೆ ಎಷ್ಟು? ಏರುತ್ತಿದೆಯೋ, ಏರಿ ನಿಂತಿದೆಯೋ? ಮೆಕ್ಯಾನಿಕಲ್‌ನವರು ಏನು ಹೇಳಿದರು? ಗಮನಿಸುತ್ತಾ ಕೂರುವುದು ಎಷ್ಟಾಗುವವರೆಗೆ? ಎಷ್ಟಾದ ಮೇಲೆ ಪಂಪ್ ಬದಲಿಸಬೇಕು? ಬದಲಿಸೋಣ ಎಂದರೆ ಸಿ ಪಂಪ್ ಇದೆಯಾ?

ಅದೇ ರಾತ್ರಿಯನ್ನು ಹೀಗೆ ಬರೆಯಬಹುದಿತ್ತು. ನಮ್ಮಲ್ಲಿ ಲಾಗ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ, ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಮೊದಲ ನಮೂದು, ನಡೆದ ಹೊತ್ತಿಗೇ ಬರೆದದ್ದು:

"03:10. ಬಿಎಫ್‌ಪಿ-ಬಿ, ಪಂಪ್ ಡ್ರೈವ್ ಎಂಡ್ ಬೇರಿಂಗ್ 74 ಡಿಗ್ರಿ. 01:20ಕ್ಕೆ 66 ಇತ್ತು. ಲೋಡ್ 205, ಈ ಅವಧಿಯಲ್ಲಿ ಬದಲಾಗಿಲ್ಲ. ಬಿ ಪಂಪಿನ ಉಳಿದ ಬೇರಿಂಗ್‌ಗಳೂ 6ರಿಂದ 8 ಡಿಗ್ರಿ ಏರಿವೆ. ಬಿಎಫ್‌ಪಿ-ಎ ಬೇರಿಂಗ್‌ಗಳು ಏರಿಲ್ಲ. ಸ್ಥಳದ ಗೇಜ್ 73. ಲ್ಯೂಬ್ ಆಯಿಲ್ ಒತ್ತಡ ಮಾಮೂಲಿ. ಕೂಲರ್‌ನಿಂದ ಹೊರಬರುವ ಎಣ್ಣೆ 41ರಿಂದ 48ಕ್ಕೆ ಏರಿದೆ."

ಇಲ್ಲಿ ಸ್ವಲ್ಪ ನಿಲ್ಲೋಣ. ಇದರಲ್ಲಿ ಎಲ್ಲೂ "ಕೂಲರ್ ಕಟ್ಟಿಕೊಂಡಿದೆ" ಎಂದು ಬರೆದಿಲ್ಲ. ಆದರೂ ಓದಿದವನಿಗೆ ಆ ಕಡೆಯೇ ಕೈ ತೋರಿಸುತ್ತದೆ. ಒಂದೇ ಬೇರಿಂಗ್ ಬಿಸಿಯಾಗಿ ಉಳಿದವು ತಣ್ಣಗಿದ್ದರೆ ತೊಂದರೆ ಆ ಬೇರಿಂಗ್‌ನಲ್ಲೇ ಇದೆ ಅಂತ ಅನುಮಾನಿಸಬೇಕು. ಒಂದೇ ಎಣ್ಣೆ ಕುಡಿಯುವ ಬೇರಿಂಗ್‌ಗಳೆಲ್ಲ ಒಟ್ಟಿಗೆ ಏರಿ, ಎಣ್ಣೆಯೂ ಬಿಸಿಯಾಗಿ ಬರುತ್ತಿದ್ದರೆ ಕೂಲರ್ ಮತ್ತು ಅದರ ನೀರನ್ನು ನೋಡಬೇಕು. ಎ ಪಂಪ್ ತಣ್ಣಗಿರುವುದರಿಂದ ಇಡೀ ಸ್ಥಾವರದ ತಣಿಸುವ ನೀರೇ ಬಿಸಿಯಾಗಿದೆ ಅನ್ನುವುದೂ ಅಲ್ಲ. ಸ್ಥಳದ ಗೇಜ್ ಕೂಡ ಹತ್ತಿರದ ಅಂಕಿ ತೋರಿಸುತ್ತಿದೆ, ಹಾಗಾಗಿ ಸೆನ್ಸರ್ ಸುಳ್ಳು ಹೇಳುತ್ತಿಲ್ಲ. ನಿಮ್ಮ ಊಹೆಯನ್ನು ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಬರೆಯಿರಿ, ಆದರೆ "ಅನುಮಾನ" ಎಂಬ ಪದ ಹಾಕಿ ಬರೆಯಿರಿ. ಮತ್ತು ಅದಕ್ಕೆ ಮೊದಲು ಏನೇನು ನೋಡಿದಿರಿ ಅನ್ನುವುದು ಇರಲಿ. ಊಹೆ ತಪ್ಪಾದರೂ ಅಂಕಿ ಉಳಿಯುತ್ತದೆ, ಮುಂದಿನವನು ಅಲ್ಲಿಂದ ಬೇರೆ ದಾರಿ ಹಿಡಿಯಬಹುದು.

ತಾಪದ ಜೊತೆ ಲೋಡ್ ಬರೆದದ್ದನ್ನೂ ಗಮನಿಸಿ. ಲೋಡ್ ಇಲ್ಲದ ಅಂಕಿಯನ್ನು ಇನ್ನೊಂದು ಹೊತ್ತಿನ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ. ಬೆಳಗ್ಗೆ ಲೋಡ್ 150ಕ್ಕೆ ಇಳಿದಾಗ ಬೇರಿಂಗ್ ತಾಪವೂ ಒಂದಿಷ್ಟು ಇಳಿಯಬಹುದು. ಆಗ ಡೆಸ್ಕ್‌ನವನು ಸರಿಹೋಯಿತು ಅಂದುಕೊಂಡುಬಿಡುತ್ತಾನೆ.

ಎರಡನೇ ನಮೂದು:

"05:30. 03:35ಕ್ಕೆ ಎರಡನೇ ಎಸಿಡಬ್ಲ್ಯೂ ಪಂಪ್ ಚಾಲೂ ಮಾಡಿದೆ. ಆಮೇಲೆ ಏರಿಕೆ ನಿಧಾನ: 05:30ಕ್ಕೆ 76, ಲೋಡ್ 204. ಬಿ ಕೂಲರ್‌ನ ನೀರಿನ ಸ್ಟ್ರೇನರ್ ಕಟ್ಟಿರುವ ಅನುಮಾನ. ಪಂಪ್ ಓಡುತ್ತಿರುವಾಗ ಅದನ್ನು ಬಿಚ್ಚಲು ಆಗುವುದಿಲ್ಲ ಎಂದು ಮೆಕ್ಯಾನಿಕಲ್ ಪಾಳಿ ಎಂಜಿನಿಯರ್ 04:05ಕ್ಕೆ ಸ್ಥಳಕ್ಕೆ ಬಂದು ನೋಡಿ ಹೇಳಿದರು. ಬಿಎಫ್‌ಪಿ-ಸಿ ಬಂದ ಮೇಲೆ ಬಿ ನಿಲ್ಲಿಸಿ ಸ್ಟ್ರೇನರ್ ತೊಳೆಯುವುದು ಎಂದು ತೀರ್ಮಾನ."

ಎಸಿಡಬ್ಲ್ಯೂ ಅಂದರೆ ಕೂಲರ್‌ಗಳಿಗೆ ತಣಿಸುವ ನೀರು ಕೊಡುವ ಪಂಪ್. ಮಾಮೂಲಿಗೆ ಒಂದು ಓಡಿದರೆ ಸಾಕು. ಈ ರಾತ್ರಿ ಎರಡು ಓಡುತ್ತಿವೆ. ನನ್ನನ್ನು ಕೇಳಿದರೆ ಇಡೀ ಪಾಳಿಯ ಲಾಗ್‌ನಲ್ಲಿ ಅತಿ ಮುಖ್ಯವಾದ ಸಾಲು ಇದೇ. ಯಾಕೆ ಗೊತ್ತಾ? ಬೆಳಗ್ಗೆ ಬಂದವನು ಚುರುಕಾಗಿದ್ದರೆ, "ಎರಡು ಪಂಪ್ ಸುಮ್ನೆ ಓಡ್ತಿವೆ, ಕರೆಂಟ್ ದಂಡ" ಅಂತ ಒಂದನ್ನು ನಿಲ್ಲಿಸುತ್ತಾನೆ. ಸ್ಥಾವರದ ಸ್ವಂತ ಬಳಕೆ ಕಡಿಮೆ ಮಾಡಬೇಕು ಅಂತ ನಾವೇ ಅವನಿಗೆ ಹೇಳಿಕೊಟ್ಟಿರುತ್ತೇವೆ. ಅವನು ತಪ್ಪು ಮಾಡಿದ ಹಾಗೂ ಅಲ್ಲ. ಅರ್ಧ ಗಂಟೆಯಲ್ಲಿ ಬಿ ಪಂಪಿನ ಬೇರಿಂಗ್ ಮತ್ತೆ ಏರಲು ಶುರುವಾಗುತ್ತದೆ, ಎರಡಕ್ಕೂ ಸಂಬಂಧ ಇದೆ ಅಂತ ಅವನಿಗೆ ಹೊಳೆಯುವುದೇ ಇಲ್ಲ.

ಹಾಗಾಗಿ ಒಂದು ಪದ್ಧತಿ ಇಟ್ಟುಕೊಳ್ಳಿ. ನೀವು ಏನು ಮಾಡಿದಿರಿ ಎಂದು ಬರೆದರೆ ಸಾಲದು, ಅದನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗುತ್ತಿದ್ದೀರಿ ಎಂದೂ ಬರೆಯಬೇಕು. "ಚಾಲೂ ಮಾಡಿದೆ" ಅನ್ನುವುದು ನಡೆದದ್ದು. "ಓಡುತ್ತಿದೆ, ಬಿ ಪಂಪ್ ಬದಲಾಗುವವರೆಗೆ ನಿಲ್ಲಿಸಬಾರದು" ಅನ್ನುವುದು ಸ್ಥಿತಿ. ವಾಲ್ವ್ ತೆರೆದೆ ಅಂದರೆ ಈಗಲೂ ತೆರೆದಿದೆಯಾ? ಕಂಟ್ರೋಲರ್ ಮ್ಯಾನ್ಯುಯಲ್‌ಗೆ ಹಾಕಿದೆ ಅಂದರೆ ವಾಪಸ್ ಆಟೋಗೆ ಬಂತಾ? ನಡೆದದ್ದನ್ನು ಓದಿ ಸ್ಥಿತಿಯನ್ನು ಊಹಿಸುವ ಕೆಲಸ ಮುಂದಿನವನಿಗೆ ಬಿಡಬಾರದು.

ಈ ಸ್ಥಿತಿ ಪಾಳಿಯ ಕೊನೆಗೆ ಒಂದೇ ಕಡೆ ಇರಬೇಕು. ಮೂರು ಪುಟದಲ್ಲಿ ಹರಡಿಕೊಂಡಿರುವ ಸಮಯವಾರು ನಮೂದುಗಳ ಕೆಳಗೆ ಗೆರೆ ಎಳೆದು, ಹೀಗೆ:

"05:40ರ ಸ್ಥಿತಿ. ಬಿಎಫ್‌ಪಿ: ಎ ಮತ್ತು ಬಿ ಓಡುತ್ತಿವೆ. ಸಿ ಲಭ್ಯವಿಲ್ಲ, ಯೂನಿಟ್‌ಗೆ ಸ್ಟ್ಯಾಂಡ್‌ಬೈ ಫೀಡ್ ಪಂಪ್ ಇಲ್ಲ. ಸಿ: ಮೆಕ್ಯಾನಿಕಲ್ ಸೀಲ್ ಕೆಲಸ, ನಿನ್ನೆ 21:40ರಿಂದ ಪರ್ಮಿಟ್. ಬ್ರೇಕರ್ ರ‍್ಯಾಕ್ ಔಟ್, ಸಕ್ಷನ್ ಮತ್ತು ಡಿಸ್ಚಾರ್ಜ್ ವಾಲ್ವ್ ಮುಚ್ಚಿ ಬೀಗ. ಪರ್ಮಿಟ್ ವಾಪಸ್ 11:00ಕ್ಕೆ ನಿರೀಕ್ಷೆ, ಪಂಪ್ ಲಭ್ಯ 14:00ರ ಸುಮಾರಿಗೆ. ಬಿ: ಡ್ರೈವ್ ಎಂಡ್ ಬೇರಿಂಗ್ 76, 70 ನಿಮಿಷಕ್ಕೆ 1 ಡಿಗ್ರಿ ಏರಿಕೆ. 82 ಆದರೆ ಶಿಫ್ಟ್ ಇನ್‌ಚಾರ್ಜ್‌ಗೆ ಹೇಳಿ, ಎಸ್‌ಎಲ್‌ಡಿಸಿಗೆ ತಿಳಿಸಿ, ಲೋಡ್ 105ಕ್ಕೆ ಇಳಿಸಿ ಬಿ ನಿಲ್ಲಿಸುವುದು. ಅಲಾರಂ 85, ಟ್ರಿಪ್ 95. ಎಸಿಡಬ್ಲ್ಯೂ: ಎರಡು ಪಂಪ್, ನಿಲ್ಲಿಸಬಾರದು."

ಅಲಾರಂ, ಟ್ರಿಪ್ ಅಂಕಿಗಳು ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ. ಇವು ಉದಾಹರಣೆಗೆ ಇಟ್ಟುಕೊಂಡವು. ನಿಮ್ಮ ಪಂಪಿನದ್ದನ್ನು ಸೆಟ್ ಪಾಯಿಂಟ್ ಪಟ್ಟಿಯಿಂದಲೇ ತೆಗೆದುಕೊಳ್ಳಿ.

82 ಎಲ್ಲಿಂದ ಬಂತು? ಅಲಾರಂ ಬರುವವರೆಗೆ ಕಾದರೆ ಆಮೇಲೆ ಏರಿಕೆ ಜೋರಾಗಬಹುದು. ಲೋಡ್ ಇಳಿಸಲು ಸಮಯ ಬೇಕು. ರಾಜ್ಯದ ಲೋಡ್ ಡಿಸ್ಪ್ಯಾಚ್ ಕೇಂದ್ರವಾದ ಎಸ್‌ಎಲ್‌ಡಿಸಿಯಲ್ಲಿ ವೇಳಾಪಟ್ಟಿ 15 ನಿಮಿಷದ ಬ್ಲಾಕ್‌ಗಳಲ್ಲಿ ನಡೆಯುತ್ತದೆ, ಅವರಿಗೂ ಮೊದಲೇ ಗೊತ್ತಾದರೆ ಒಳ್ಳೆಯದು. ಅದಕ್ಕೇ ಅಲಾರಂಗಿಂತ ಕೆಳಗೆ ಒಂದು ಅಂಕಿ ಹಿಡಿದು, ಆ ಅಂಕಿ ಬಂದಾಗ ಏನು ಮಾಡಬೇಕು ಎಂದು ರಾತ್ರಿಯೇ ಶಿಫ್ಟ್ ಇನ್‌ಚಾರ್ಜ್ ಜೊತೆ ಕೂತು ತೀರ್ಮಾನಿಸಿದ್ದು. "ಗಮನಿಸುತ್ತಿರಬೇಕು" ಅನ್ನುವ ಮಾತಿಗೆ ನನ್ನ ತಕರಾರು ಇಷ್ಟೇ. ಎಷ್ಟಾದರೆ ಏನು ಅನ್ನುವುದು ಪಕ್ಕದಲ್ಲಿ ಇಲ್ಲದಿದ್ದರೆ ಅದು ಯಾರಿಗೂ ಕೆಲಸ ಹೇಳುವುದಿಲ್ಲ.

ಏರಿಕೆಯ ವೇಗ ಬರೆದಿರುವುದರಿಂದ ಬೆಳಗಿನವನು ಲೆಕ್ಕ ಹಾಕಬಹುದು. 05:30ಕ್ಕೆ 76. ಇದೇ ವೇಗದಲ್ಲಿ 82 ಮುಟ್ಟಲು ಏಳು ಗಂಟೆ, ಅಂದರೆ ಮಧ್ಯಾಹ್ನ 12:30. ಸಿ ಪಂಪ್ ಬರುವುದು 14:00ಕ್ಕೆ. ಒಂದೂವರೆ ಗಂಟೆ ಹೊಂದಿಕೆಯಾಗುತ್ತಿಲ್ಲ. ಅದರ ಮೇಲೆ ಹಗಲು ಬಿಸಿಲೇರಿದಂತೆ ತಣಿಸುವ ನೀರೂ ಬಿಸಿಯಾಗುತ್ತದೆ, ವೇಗ ಜಾಸ್ತಿಯಾಗಬಹುದು. ಹಾಗಾದರೆ ಬೆಳಗ್ಗೆ 6:30ಕ್ಕೇ ಮೆಕ್ಯಾನಿಕಲ್‌ನವರಿಗೆ ಹೇಳಿ ಸಿ ಕೆಲಸ ಚುರುಕು ಮಾಡಿಸಬೇಕು. ಎಸ್‌ಎಲ್‌ಡಿಸಿಗೆ ಮಧ್ಯಾಹ್ನ ಲೋಡ್ ಇಳಿಯುವ ಸಾಧ್ಯತೆ ಇದೆ ಎಂದು ಮೊದಲೇ ಸುಳಿವು ಕೊಡಬೇಕು. ಇಷ್ಟನ್ನೂ ಯಾರನ್ನೂ ಒಂದು ಮಾತು ಕೇಳದೆ ಮಾಡಬಹುದು ಅಲ್ವಾ?

ಪರ್ಮಿಟ್ ಅಂದರೆ ಯಂತ್ರದ ಮೇಲೆ ಕೆಲಸ ಮಾಡಲು ಕೊಡುವ ಲಿಖಿತ ಅನುಮತಿ. ಪರ್ಮಿಟ್ ವಾಪಸ್ 11:00, ಪಂಪ್ ಲಭ್ಯ 14:00 ಎಂದು ಎರಡು ಬೇರೆ ಸಮಯ ಬರೆದದ್ದೂ ಬೇಕೆಂದೇ. ಸೀಲ್ ಕೆಲಸ ಮುಗಿದ ಕೂಡಲೇ ಪಂಪ್ ಸಿಗುವುದಿಲ್ಲ. ಬೀಗ ತೆಗೆಯಬೇಕು, ನೀರು ತುಂಬಿ ಗಾಳಿ ಬಿಡಬೇಕು, ಬ್ರೇಕರ್ ಒಳಗೆ ಹಾಕಬೇಕು. ಡಿಏರೇಟರ್‌ನಿಂದ ಬರುವ ನೀರು ಸುಮಾರು 160 ಡಿಗ್ರಿ ಇರುತ್ತದೆ. ತಣ್ಣಗಿರುವ ಪಂಪಿಗೆ ಅದನ್ನು ಒಮ್ಮೆಲೇ ನುಗ್ಗಿಸಿ ಓಡಿಸಿದರೆ ಒಳಗಿನ ಸಂದುಗಳು ಸರಿಸಮನಾಗಿ ಹಿಗ್ಗದೆ ರೋಟರ್ ತಾಗಬಹುದು. ನಿಧಾನವಾಗಿ ಬೆಚ್ಚಗೆ ಮಾಡಬೇಕು. ಕೆಲಸದವರ ಲೆಕ್ಕದಲ್ಲಿ "ಆಯ್ತು" ಅನ್ನುವುದು ಒಂದು ಹೊತ್ತು, ಆಪರೇಟರ್ ಲೆಕ್ಕದಲ್ಲಿ ಇನ್ನೊಂದು. ಲಾಗ್‌ನಲ್ಲಿ ಇರಬೇಕಾದದ್ದು ಆಪರೇಟರ್‌ನದ್ದು.

ಪರ್ಮಿಟ್‌ಗಳ ವಿಷಯದಲ್ಲಿ ಇನ್ನೊಂದು ಮಾತು. ಇದಕ್ಕೆ ವಿದ್ಯುತ್ ಸ್ಥಾವರದ ಆಚೆಯ ಘಟನೆಯೊಂದನ್ನು ಹೇಳಬೇಕು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ ಸ್ಫೋಟವಾಗಿ 167 ಜನ ಸತ್ತರು. ಅಲ್ಲಿಯೂ ಎ, ಬಿ ಎಂದು ಎರಡು ಪಂಪ್. ಎ ಪಂಪಿನ ಮೇಲೆ ಎರಡು ಕೆಲಸಗಳಿದ್ದವು. ಒಂದು ಪಂಪಿನದೇ ದುರಸ್ತಿ, ಅದು ಇನ್ನೂ ಶುರುವಾಗಿರಲಿಲ್ಲ. ಇನ್ನೊಂದು ಅದರ ಸುರಕ್ಷತಾ ವಾಲ್ವ್ ಬಿಚ್ಚಿಕೊಂಡು ಹೋಗಿದ್ದು. ವಾಲ್ವ್ ಇದ್ದ ಜಾಗಕ್ಕೆ ಸುಮ್ಮನೆ ಒಂದು ಕುರುಡು ಫ್ಲ್ಯಾಂಜ್ ಹಾಕಿದ್ದರು. ರಾತ್ರಿ ಬಿ ಪಂಪ್ ಟ್ರಿಪ್ ಆಗಿ ಮತ್ತೆ ಚಾಲೂ ಆಗಲಿಲ್ಲ. ಪಾಳಿಯಲ್ಲಿದ್ದವರಿಗೆ ದುರಸ್ತಿಯ ವಿಷಯ ಗೊತ್ತಿತ್ತು, ಶುರುವಾಗಿಲ್ಲ ಅನ್ನುವುದೂ ಗೊತ್ತಿತ್ತು. ಹಾಗಾಗಿ ಎ ಪಂಪ್ ಓಡಿಸಲು ಹೊರಟರು. ವಾಲ್ವ್ ಇಲ್ಲ ಅನ್ನುವ ಮಾತು ಮಾತ್ರ ಪಾಳಿ ಬದಲಾಗುವಾಗ ಅವರವರೆಗೆ ಬಂದಿರಲಿಲ್ಲ. ಆ ಫ್ಲ್ಯಾಂಜ್‌ನಿಂದ ಸೋರಿದ ಅನಿಲಕ್ಕೆ ಬೆಂಕಿ ಹತ್ತಿಕೊಂಡಿತು ಎಂಬುದು ವಿಚಾರಣೆಯ ತೀರ್ಮಾನ.

ನಮ್ಮ ಸಿ ಪಂಪಿಗೂ ಇದೇ ಆಗಬಹುದು. ಸೀಲ್‌ಗೆ ಮೆಕ್ಯಾನಿಕಲ್‌ನವರ ಪರ್ಮಿಟ್ ಇದೆ. ಪಂಪ್ ಹೇಗೂ ನಿಂತಿದೆ ಅಂತ ಎಲೆಕ್ಟ್ರಿಕಲ್‌ನವರು ಮೋಟರ್ ಪರೀಕ್ಷೆಗೆ ಇನ್ನೊಂದು ಪರ್ಮಿಟ್ ತೆಗೆದುಕೊಂಡಿರುತ್ತಾರೆ. ಇನ್‌ಸ್ಟ್ರುಮೆಂಟ್‌ನವರು ಒಂದು ಪ್ರೆಷರ್ ಸ್ವಿಚ್ ಬಿಚ್ಚಿಕೊಂಡು ಹೋಗಿರುತ್ತಾರೆ. 11ಕ್ಕೆ ಸೀಲ್ ಪರ್ಮಿಟ್ ವಾಪಸ್ ಬಂದಾಗ ಲಾಗ್‌ನಲ್ಲಿ ಅದೊಂದೇ ಇದ್ದರೆ ಪಂಪ್ ಖಾಲಿಯಿದೆ ಅಂತಲೇ ಕಾಣುತ್ತದೆ. ಅದಕ್ಕೇ ಸ್ಥಿತಿಯ ಪಟ್ಟಿಯನ್ನು ಪರ್ಮಿಟ್ ನಂಬರ್ ಪ್ರಕಾರ ಬರೆಯಬೇಡಿ, ಯಂತ್ರದ ಪ್ರಕಾರ ಬರೆಯಿರಿ. ಬಿಎಫ್‌ಪಿ-ಸಿ ಎಂಬ ಹೆಸರಿನ ಕೆಳಗೆ ಅದರ ಮೇಲಿರುವ ಪರ್ಮಿಟ್‌ಗಳೆಲ್ಲ ಒಟ್ಟಿಗೆ ಇರಲಿ, ಯಾವುದು ಎಷ್ಟು ಮುಗಿದಿದೆ ಅನ್ನುವುದೂ ಇರಲಿ. ಕೊನೆಯದು ವಾಪಸ್ ಬರುವವರೆಗೆ ಆ ಹೆಸರು ಪಟ್ಟಿಯಿಂದ ಹೋಗಬಾರದು.

ಇನ್ನು ಇಂಟರ್‌ಲಾಕ್ ಬೈಪಾಸ್, ಅಂದರೆ ಯಂತ್ರವನ್ನು ತಾನಾಗಿ ಕಾಯುವ ರಕ್ಷಣೆಯ ಒಂದು ಭಾಗವನ್ನು ತಾತ್ಕಾಲಿಕವಾಗಿ ಬದಿಗಿಡುವುದು. ಇಲ್ಲಿ ಲಾಗ್‌ನ ಒಂದು ಪದ ಬಿಟ್ಟುಹೋದರೂ ಯೂನಿಟ್ ಟ್ರಿಪ್ ಆಗಬಹುದು, ಅಥವಾ ಟ್ರಿಪ್ ಆಗಬೇಕಾದಾಗ ಆಗದೇ ಹೋಗಬಹುದು. ಡ್ರಮ್ ಲೆವೆಲ್‌ಗೆ ಮೂರು ಟ್ರಾನ್ಸ್‌ಮಿಟರ್‌ಗಳಿವೆ, ಮೂರರಲ್ಲಿ ಎರಡು ಒಪ್ಪಿದರೆ ಬಾಯ್ಲರ್ ಟ್ರಿಪ್, ಎಂದುಕೊಳ್ಳಿ. ಎರಡನೆಯದರ ಇಂಪಲ್ಸ್ ಪೈಪ್ ಸೋರುತ್ತಿದೆ ಅಂತ ಅದನ್ನು ಮುಚ್ಚಿ, ಸಿಗ್ನಲ್ ಫೋರ್ಸ್ ಮಾಡಿದ್ದಾರೆ, ಅಂದರೆ ಅದನ್ನು ಕೈಯಿಂದ ಒಂದು ಕಡೆಗೆ ಕಟ್ಟಿಹಾಕಿದ್ದಾರೆ. ಲಾಗ್‌ನಲ್ಲಿ "ಡ್ರಮ್ ಲೆವೆಲ್ ಟ್ರಾನ್ಸ್‌ಮಿಟರ್-2 ಬೈಪಾಸ್" ಅಂತ ಇದೆ.

ಯಾವ ಕಡೆಗೆ ಫೋರ್ಸ್? "ಸರಿಯಿದೆ" ಎಂಬ ಕಡೆಗೆ ಮಾಡಿದ್ದರೆ ಉಳಿದ ಎರಡೂ ಒಪ್ಪಿದರೆ ಮಾತ್ರ ಟ್ರಿಪ್. ಅವುಗಳಲ್ಲಿ ಒಂದು ಕೆಟ್ಟು ಅದೇ ಅಂಕಿಯಲ್ಲಿ ನಿಂತುಬಿಟ್ಟರೆ, ನೀರು ಬತ್ತಿದರೂ ಬಾಯ್ಲರ್ ಟ್ರಿಪ್ ಆಗದು. "ಟ್ರಿಪ್" ಎಂಬ ಕಡೆಗೆ ಮಾಡಿದ್ದರೆ ಒಂದು ವೋಟು ಆಗಲೇ ಬಿದ್ದಿದೆ. ಉಳಿದ ಎರಡರಲ್ಲಿ ಒಂದರ ಹತ್ತಿರ ಯಾರಾದರೂ ಸ್ಪ್ಯಾನರ್ ಹಿಡಿದು ಹೋದರೂ ಯೂನಿಟ್ ಹೋಯಿತು. ಒಂದೇ ಪದ, ಎರಡು ತದ್ವಿರುದ್ಧ ಅಪಾಯ. ಹಾಗಾಗಿ ಹೀಗೆ ಬರೆಯಿರಿ:

"ಡ್ರಮ್ ಲೆವೆಲ್ ಟ್ರಾನ್ಸ್‌ಮಿಟರ್-2 ಮುಚ್ಚಿದೆ, ಸೋರಿಕೆ. ಸಿಗ್ನಲ್ ಸರಿಯಿದೆ ಎಂಬ ಕಡೆಗೆ ಫೋರ್ಸ್. ಈಗ 1 ಮತ್ತು 3 ಎರಡೂ ಒಪ್ಪಿದರೆ ಮಾತ್ರ ಟ್ರಿಪ್. 1, 3ರ ಮೇಲೆ ಯಾವ ಕೆಲಸಕ್ಕೂ ಪರ್ಮಿಟ್ ಕೊಡಬಾರದು. ಗಂಟೆಗೊಮ್ಮೆ ಡ್ರಮ್‌ನ ಗೇಜ್ ಗ್ಲಾಸ್ ಜೊತೆ ಹೋಲಿಸಿ ನೋಡುವುದು. ಒಪ್ಪಿಗೆ ಕೊಟ್ಟವರು, ಸಮಯ, ಎಲ್ಲಿಯವರೆಗೆ."

ಕೊನೆಯ ಮೂರಕ್ಕೆ ನೀವು ಹೆಸರು, ಹೊತ್ತು ತುಂಬಬೇಕು. ಎಲ್ಲಿಯವರೆಗೆ ಅನ್ನುವುದನ್ನು ಖಾಲಿ ಬಿಟ್ಟರೆ ಬೈಪಾಸ್ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ.

ಉಳಿಯುವುದು ಹೇಗೆ ಅಂದರೆ "ಮೇಲಿನಂತೆ" ಎಂಬ ಪದದಿಂದ. ಹಿಂದಿನ ಪಾಳಿಯ ಪಟ್ಟಿ ಇತ್ತು, ಇವನು "ಮೇಲಿನಂತೆ" ಅಂದ, ಮುಂದಿನವನೂ "ಮೇಲಿನಂತೆ" ಅಂದ. ನಾಲ್ಕನೇ ದಿನ ಆ "ಮೇಲೆ" ಎಲ್ಲಿದೆ ಎಂದು ಪುಟ ತಿರುಗಿಸಬೇಕು. ಕಂಪ್ಯೂಟರ್ ಲಾಗ್ ಬಂದ ಮೇಲೆ ಇದು ಬೇರೆ ರೂಪ ತಾಳಿದೆ. ಇಡೀ ಪಟ್ಟಿಯನ್ನು ನಕಲಿಸಿ ಅಂಟಿಸುತ್ತಾರೆ, ನೋಡಲು ತುಂಬಾ ಚೆನ್ನಾಗಿರುತ್ತದೆ. ಅದರಲ್ಲಿ ಮೊನ್ನೆಯೇ ಸರಿಯಾದ ಯಂತ್ರವೂ ಇರುತ್ತದೆ. ಇದಕ್ಕೆ ಮದ್ದು ಸರಳ. ಪ್ರತಿ ಸಾಲಿನ ಮುಂದೆ ಎರಡು ಹೊತ್ತು ಇರಲಿ: ಇದು ಮೊದಲು ಶುರುವಾದದ್ದು ಯಾವಾಗ, ಈ ಪಾಳಿಯಲ್ಲಿ ತೆರೆಯ ಮೇಲೋ ಸ್ಥಳದಲ್ಲೋ ನೋಡಿ ಖಚಿತ ಮಾಡಿಕೊಂಡದ್ದು ಯಾವಾಗ. ಎರಡನೇ ಹೊತ್ತನ್ನು ನಕಲು ಮಾಡಲು ಆಗುವುದಿಲ್ಲ. ಮಾಡಿದರೆ ಅದು ಸುಳ್ಳು ನಮೂದು. ಅದಕ್ಕೆ ಸಹಿ ಹಾಕಿದವನೇ ಉತ್ತರ ಕೊಡಬೇಕು.

ಸಮಯ, ತಿದ್ದುಪಡಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊತ್ತು ಡಿಸಿಎಸ್ ಗಡಿಯಾರದ್ದೇ ಇರಲಿ, ಕೈಗಡಿಯಾರದ್ದು ಬೇಡ. ತಪ್ಪು ಬರೆದರೆ ಓದಲು ಬರುವಂತೆ ಒಂದು ಗೆರೆ ಎಳೆದು, ಸಣ್ಣ ಸಹಿ ಹಾಕಿ, ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಿರಿ. ತಡವಾಗಿ ನೆನಪಾದರೆ ಬರೆಯುತ್ತಿರುವ ಹೊತ್ತನ್ನು ಹಾಕಿ, "ತಡವಾದ ನಮೂದು, 02:15ರದ್ದು" ಎಂದು ಸೇರಿಸಿ. ಸಾಲುಗಳ ಸಂದಿಯಲ್ಲಿ ತುರುಕಬೇಡಿ. ಯೂನಿಟ್ ಟ್ರಿಪ್ ಆದರೆ "ಕಾರಣ" ಎಂದು ಬರೆಯುವ ಆಸೆ ತಡೆದುಕೊಳ್ಳಿ. ಮೊದಲು ಬಂದ ಸೂಚನೆ ಯಾವುದು ಎಂದು ಬರೆಯಿರಿ, ಅದು ಘಟನೆಗಳ ಕ್ರಮವನ್ನು ಮಿಲಿಸೆಕೆಂಡಿನಲ್ಲಿ ದಾಖಲಿಸುವ ಪ್ರಿಂಟ್‌ನಲ್ಲಿ ಸಿಗುತ್ತದೆ. ಕಾರಣ ಹುಡುಕುವುದು ಆಮೇಲಿನ ಕೆಲಸ.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಸಾರ್, ಟ್ರಿಪ್ ಆದಾಗ ಎರಡು ಕೈ ಸಾಲೋದಿಲ್ಲ. ಇಷ್ಟೆಲ್ಲ ಬರೆಯೋದು ಯಾವಾಗ?"

ಒಳ್ಳೆಯ ಪ್ರಶ್ನೆ. ಆ ಹೊತ್ತಿನಲ್ಲಿ ಪುಸ್ತಕ ಮುಟ್ಟಬೇಡಿ. ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು ಹೊತ್ತು ಮತ್ತು ಎರಡು ಮೂರು ಪದ ಮಾತ್ರ ಗೀಚಿ: "04:12 ಎಬಿ ಆಯಿಲ್ ಗನ್". ಅದರಲ್ಲೂ ನೀವು ಕೈಯಿಂದ ಬದಲಿಸಿದ್ದನ್ನು ಗೀಚಿಕೊಳ್ಳಿ, ಏಕೆಂದರೆ ಸ್ಥಳದಲ್ಲಿ ಕೈಯಿಂದ ತಿರುಗಿಸಿದ ವಾಲ್ವ್ ಅನೇಕ ಬಾರಿ ಡಿಸಿಎಸ್‌ಗೆ ಗೊತ್ತೇ ಆಗುವುದಿಲ್ಲ. ಮೋಟರ್ ನಿಂತದ್ದು, ಅಲಾರಂ ಬಂದದ್ದು ಹೇಗೂ ಅದರಲ್ಲಿ ಇರುತ್ತದೆ. ಯೂನಿಟ್ ಒಂದು ಹದಕ್ಕೆ ಬಂದ ಮೇಲೆ ಚೀಟಿ ನೋಡಿ ತಡವಾದ ನಮೂದು ಎಂದೇ ಬರೆಯಿರಿ. ಪಾಳಿ ಮುಗಿದರೂ ಸ್ಥಿತಿಯ ಪಟ್ಟಿ ಬರೆಯದೆ ಕುರ್ಚಿ ಬಿಡಬೇಡಿ. ಬಸ್ ಹೋದರೆ ಹೋಗಲಿ.

ಬದಲಿಗೆ ಬಂದವನು ಮೊದಲು ಪಟ್ಟಿ ಓದಲಿ, ಆಮೇಲೆ ನಿಮ್ಮ ಜೊತೆ ಮಾತಾಡಲಿ. ಮಾತು ಮೊದಲಾದರೆ ಅವನು ಪುಸ್ತಕ ಓದುವುದೇ ಇಲ್ಲ. ಓದಿ ಅವನು ಏನಾದರೂ ಕೇಳಿದರೆ ಬಾಯಲ್ಲಿ ಉತ್ತರ ಕೊಟ್ಟು ಹೋಗಿಬಿಡಬೇಡಿ. ಆ ಉತ್ತರವನ್ನೂ ಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸಿ, ಹೊತ್ತು ಹಾಕಿ, ಆಮೇಲೆ ಇಬ್ಬರೂ ಸಹಿ ಮಾಡಿ.